ಸೋತ ಹೆಸರು, ಗೆದ್ದ ಹೆಸರು



ನಿಮ್ಮ ರಸಾಯನ ವಿಜ್ಞಾನ ಪುಸ್ತಕದಲ್ಲಿರುವ ಆವರ್ತ ಕೋಷ್ಟಕವನ್ನು ಒಮ್ಮೆ ಬಿಡಿಸಿ ಮುಂದಿಟ್ಟುಕೊಳ್ಳಿ. ಅದರಲ್ಲಿ 41ನೆಯ ಮನೆಯನ್ನು ಹುಡುಕಿ. ಅಲ್ಲಿ Nb ಎಂಬ ಸಂಕೇತ ಕಾಣುತ್ತದೆ. ಅದು ನಿಯೋಬಿಯಂ. ಅದರ ನೇರ ಕೆಳಗೆ, 73ನೆಯ ಮನೆಯಲ್ಲಿ, Ta ಎಂಬ ಸಂಕೇತವಿದೆ. ಅದು ಟಾಂಟಲಂ. ಆದರೆ ನಿಮ್ಮ ಕಾಲೇಜಿನ ಗ್ರಂಥಾಲಯದಲ್ಲಿ 1950ಕ್ಕಿಂತ ಹಿಂದೆ ಅಮೆರಿಕದಲ್ಲಿ ಅಚ್ಚಾದ ಪುಸ್ತಕವೇನಾದರೂ ಉಳಿದಿದ್ದರೆ ಅದನ್ನು ತೆಗೆದು ನೋಡಿ. ಅದೇ 41ನೆಯ ಮನೆಯಲ್ಲಿ Cb ಎಂದು ಇರಬಹುದು. ಅದು ಕೊಲಂಬಿಯಂ. ಮನೆ ಒಂದೇ, ವಾಸವಿರುವ ಧಾತುವೂ ಒಂದೇ, ಬಾಗಿಲ ಮೇಲಿನ ಫಲಕ ಮಾತ್ರ ಬೇರೆ!

ಧಾತುಗಳಿಗೆ ಊರು, ದೇಶ, ದೇವತೆ, ವಿಜ್ಞಾನಿಗಳ ಹೆಸರುಗಳಿರುವುದು ನಿಮಗೆ ಗೊತ್ತೇ ಇದೆ. ಪೊಲೋನಿಯಂ ಪೋಲೆಂಡಿನಿಂದ ಬಂತು, ಜರ್ಮೇನಿಯಂ ಜರ್ಮನಿಯಿಂದ ಬಂತು, ಕ್ಯೂರಿಯಂ ಕ್ಯೂರಿ ದಂಪತಿಗಳಿಂದ ಬಂತು. ಪಟ್ಟಿಯನ್ನು ಉರು ಹೊಡೆಯುವುದು ಸುಲಭ. ಆದರೆ ಒಂದು ಹೆಸರು ಹೇಗೆ ನಿಲ್ಲುತ್ತದೆ, ಇನ್ನೊಂದು ಏಕೆ ಬಿದ್ದುಹೋಗುತ್ತದೆ ಎಂಬುದು ಪಟ್ಟಿಯಲ್ಲಿ ಸಿಗುವುದಿಲ್ಲ. ಆದ್ದರಿಂದ ಇಲ್ಲಿ ಎರಡೇ ಎರಡು ಕಥೆಗಳನ್ನು ನಿಧಾನವಾಗಿ ನೋಡೋಣ. ಒಂದು ಈ 41ನೆಯ ಧಾತುವಿನದು. ಇನ್ನೊಂದು ವಿದ್ಯುತ್ತನ್ನು ಅಳೆಯುವ ಏಕಮಾನದ್ದು.

ವಸ್ತುಸಂಗ್ರಹಾಲಯದ ಕಪ್ಪು ಕಲ್ಲು

1801ನೆಯ ಇಸವಿ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಚಾರ್ಲ್ಸ್ ಹ್ಯಾಚೆಟ್ ಎಂಬ ರಸಾಯನಜ್ಞ ಖನಿಜಗಳನ್ನು ಜೋಡಿಸುತ್ತಿದ್ದ. ಈತ ಸಾರೋಟು ತಯಾರಿಸುವವನ ಮಗ. ಜೋಡಿಸುವಾಗ ಒಂದು ಕಪ್ಪನೆಯ, ಗಾತ್ರಕ್ಕೆ ಮೀರಿದ ಭಾರದ ಕಲ್ಲಿನ ಚೂರು ಅವನ ಕಣ್ಣಿಗೆ ಬಿತ್ತು. ಅದು ಅಮೆರಿಕದ ಕನೆಕ್ಟಿಕಟ್ ಕಡೆಯಿಂದ ವಿಂಥ್ರಪ್ ಎಂಬಾತ ಹಿಂದಿನ ಶತಮಾನದಲ್ಲಿ ಕಳುಹಿಸಿದ್ದ ಮಾದರಿ. ಹತ್ತಾರು ವರ್ಷ ಅದನ್ನು ಯಾರೂ ಕೇಳಿರಲಿಲ್ಲ.

ಹ್ಯಾಚೆಟ್ ಅದರ ಚೂರನ್ನು ಪುಡಿಮಾಡಿ ಪರೀಕ್ಷೆಗೆ ತೊಡಗಿದ. ನೈಟ್ರಿಕ್ ಆಮ್ಲ ಹಾಕಿದರೆ ಹೆಚ್ಚೇನೂ ಆಗಲಿಲ್ಲ. ಸಲ್ಫ್ಯೂರಿಕ್ ಆಮ್ಲ ಸ್ವಲ್ಪ ಕಬ್ಬಿಣವನ್ನು ಮಾತ್ರ ಎಳೆದುಕೊಂಡಿತು. ಕೊನೆಗೆ ಪುಡಿಯನ್ನು ಪೊಟ್ಯಾಸಿಯಂ ಕಾರ್ಬೊನೇಟ್‌ನೊಂದಿಗೆ ಬೆರೆಸಿ ಕರಗಿಸಿ, ಆರಿದ ಮೇಲೆ ನೀರಿನಲ್ಲಿ ಕದಡಿ, ಆ ದ್ರಾವಣಕ್ಕೆ ಆಮ್ಲ ಸೇರಿಸಿದಾಗ ಬಿಳಿಯ ಒತ್ತರ ಕೆಳಗೆ ಕುಳಿತಿತು. ಕಲ್ಲಿನ ಮುಕ್ಕಾಲು ಪಾಲಿಗೂ ಹೆಚ್ಚು ಭಾಗ ಈ ಬಿಳಿ ಪದಾರ್ಥವೇ ಆಗಿತ್ತು. ಆಗ ಗೊತ್ತಿದ್ದ ಯಾವ ಲೋಹದ ಆಕ್ಸೈಡಿಗೂ ಅದರ ಗುಣಗಳು ಹೊಂದಲಿಲ್ಲ. ಅದರಿಂದ ಲೋಹವನ್ನು ಬೇರ್ಪಡಿಸಲು ಹ್ಯಾಚೆಟ್‌ಗೆ ಆಗಲಿಲ್ಲವಾದರೂ ಒಳಗೆ ಹೊಸ ಲೋಹವೊಂದಿದೆ ಎಂದು ಅವನು ಖಚಿತವಾಗಿ ಹೇಳಿದ. ಕಲ್ಲು ಬಂದದ್ದು ಅಮೆರಿಕದಿಂದ, ಅಮೆರಿಕಕ್ಕೆ ಕವಿಗಳಿಟ್ಟ ಹೆಸರು ಕೊಲಂಬಿಯ. ಆದ್ದರಿಂದ ಲೋಹ ಕೊಲಂಬಿಯಂ ಆಯಿತು. ಸ್ಥಳದಿಂದ ಬಂದ ಹೆಸರು.

ನೀರಿನ ನಡುವೆ ಬಾಯಾರಿದವನು

ಮರುವರ್ಷವೇ, 1802ರಲ್ಲಿ, ಸ್ವೀಡನ್ನಿನ ಉಪ್ಸಾಲದ ಆಂಡರ್ಸ್ ಗುಸ್ತಾಫ್ ಎಕೆಬರ್ಗ್ ಎರಡು ಖನಿಜಗಳಿಂದ ಮತ್ತೊಂದು ಹೊಸ ಆಕ್ಸೈಡನ್ನು ಹೊರತೆಗೆದ. ಒಂದು ಖನಿಜ ಫಿನ್ಲೆಂಡಿನ ಕಿಮಿಟೊದಿಂದ ಬಂದದ್ದು, ಇನ್ನೊಂದು ಸ್ವೀಡನ್ನಿನ ಇಟರ್ಬಿ ಎಂಬ ಹಳ್ಳಿಯದು. ಈ ಆಕ್ಸೈಡಿನ ಹಟ ವಿಚಿತ್ರವಾಗಿತ್ತು. ಅದನ್ನು ಎಷ್ಟೇ ಆಮ್ಲದಲ್ಲಿ ಮುಳುಗಿಸಿಟ್ಟರೂ ಅದು ಆಮ್ಲವನ್ನು ಹೀರುತ್ತಿರಲಿಲ್ಲ, ಕರಗುತ್ತಲೂ ಇರಲಿಲ್ಲ.

ಎಕೆಬರ್ಗ್‌ಗೆ ಗ್ರೀಕ್ ಪುರಾಣದ ಟಾಂಟಲಸ್ ನೆನಪಾದ. ಈ ರಾಜ ದೇವತೆಗಳಿಗೆ ದ್ರೋಹ ಬಗೆದು ಪಾತಾಳದಲ್ಲಿ ಶಿಕ್ಷೆಗೆ ಗುರಿಯಾದವನು. ಅವನನ್ನು ಕುತ್ತಿಗೆಮಟ್ಟದ ನೀರಿನಲ್ಲಿ ನಿಲ್ಲಿಸಿದ್ದರು. ಕುಡಿಯಲು ಬಾಗಿದರೆ ನೀರು ಇಳಿದುಹೋಗುತ್ತಿತ್ತು. ತಲೆಯ ಮೇಲೆ ಹಣ್ಣಿನ ಕೊಂಬೆಗಳಿದ್ದವು. ಕೈಚಾಚಿದರೆ ಕೊಂಬೆ ಮೇಲೇರುತ್ತಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತೇವಲ್ಲ, ಅದೇ ಪಾಡು. ಆಮ್ಲದ ನಡುವೆ ನಿಂತರೂ ಆಮ್ಲವನ್ನು ಕುಡಿಯದ ಆಕ್ಸೈಡಿನ ಲೋಹಕ್ಕೆ ಎಕೆಬರ್ಗ್ ಟಾಂಟಲಂ ಎಂದು ಹೆಸರಿಟ್ಟ. ಹೆಸರು ಪುರಾಣದ್ದು. ಆದರೆ ಅದರೊಳಗೆ ಪ್ರಯೋಗಶಾಲೆಯಲ್ಲಿ ಕಣ್ಣಾರೆ ಕಂಡ ಗುಣವೊಂದು ಅಡಗಿತ್ತು ಎಂಬುದನ್ನು ಗಮನಿಸಿ.

ಎರಡೋ, ಒಂದೋ?

ಈಗ ತೊಡಕು ಶುರುವಾಯಿತು. 1809ರಲ್ಲಿ ಇಂಗ್ಲೆಂಡಿನ ವಿಲಿಯಂ ಹೈಡ್ ವೊಲಾಸ್ಟನ್ ಎರಡೂ ಖನಿಜಗಳನ್ನು ತರಿಸಿ ಹೋಲಿಸಿದ. ಎರಡರ ಆಕ್ಸೈಡೂ ಬಿಳಿ, ಎರಡೂ ಆಮ್ಲಕ್ಕೆ ಜಗ್ಗವು, ಎರಡೂ ಕ್ಷಾರದೊಂದಿಗೆ ಕರಗುತ್ತವೆ. ಇವೆರಡೂ ಒಂದೇ ಎಂದು ಅವನು ತೀರ್ಮಾನಿಸಿದ. ಆದರೆ ಒಂದು ಅಂಕಿ ಮಾತ್ರ ಅವನ ತೀರ್ಮಾನಕ್ಕೆ ಅಡ್ಡ ನಿಂತಿತ್ತು. ಅಮೆರಿಕದ ಖನಿಜದ ಸಾಂದ್ರತೆ ನೀರಿನ ಸುಮಾರು 5.9 ಪಟ್ಟು, ಸ್ವೀಡನ್ ಕಡೆಯದು ಹತ್ತಿರಹತ್ತಿರ 8 ಪಟ್ಟು. ಒಂದೇ ಪದಾರ್ಥವಾದರೆ ಇಷ್ಟು ಅಂತರ ಏಕೆ? ಇದಕ್ಕೆ ಬೇರೇನೋ ಕಾರಣವಿರಬೇಕೆಂದು ವೊಲಾಸ್ಟನ್ ಸಮಾಧಾನ ಮಾಡಿಕೊಂಡ. ಅವನ ಹೆಸರು ದೊಡ್ಡದಾಗಿದ್ದುದರಿಂದ ಕೊಲಂಬಿಯಂ ಎಂಬುದು ಟಾಂಟಲಂಗೆ ಇನ್ನೊಂದು ಹೆಸರು ಎಂದೇ ಮುಂದಿನ ಮೂವತ್ತೈದು ವರ್ಷ ಬಹಳ ಜನ ನಂಬಿದರು.

ವೊಲಾಸ್ಟನ್ ಮೋಸಹೋದದ್ದು ಅವನ ಅಜಾಗರೂಕತೆಯಿಂದಲ್ಲ. ಕೋಷ್ಟಕವನ್ನು ಮತ್ತೆ ನೋಡಿ. ಈ ಎರಡು ಧಾತುಗಳೂ ಒಂದೇ ಕಂಬಸಾಲಿನಲ್ಲಿವೆ, ಎರಡರ ಮುಖ್ಯ ವೇಲೆನ್ಸಿಯೂ 5. ಜೊತೆಗೆ ಅವುಗಳ ಅಯಾನುಗಳ ಗಾತ್ರವೂ ಹೆಚ್ಚುಕಡಿಮೆ ಒಂದೇ. ಸಾಮಾನ್ಯವಾಗಿ ಕೋಷ್ಟಕದಲ್ಲಿ ಕೆಳಗಿಳಿದಂತೆ ಗಾತ್ರ ಹೆಚ್ಚಬೇಕು. ಆದರೆ ನಡುವೆ ಲ್ಯಾಂಥನೈಡುಗಳ ಸಾಲು ಬರುವುದರಿಂದ ಪರಮಾಣು ಕುಗ್ಗಿ, ಟಾಂಟಲಂ ತನ್ನ ಮೇಲಿನವನಷ್ಟೇ ಗಾತ್ರದಲ್ಲಿ ಉಳಿಯುತ್ತದೆ. ಗಾತ್ರವೂ ವೇಲೆನ್ಸಿಯೂ ಒಂದೇ ಆದರೆ ಒಂದರ ಜಾಗದಲ್ಲಿ ಇನ್ನೊಂದು ಸಲೀಸಾಗಿ ಕೂರುತ್ತದೆ. ಅದಕ್ಕೇ ನೆಲದೊಳಗೆ ಇವೆರಡೂ ಬಹುತೇಕ ಯಾವಾಗಲೂ ಒಂದೇ ಖನಿಜದಲ್ಲಿ ಬೆರೆತೇ ಇರುತ್ತವೆ. ಬೇರೆಯಾಗಿರುವುದು ತೂಕ ಮಾತ್ರ: ನಿಯೋಬಿಯಂನ ಪರಮಾಣು ತೂಕ 92.9, ಟಾಂಟಲಂನದು 180.9. ಸಾಂದ್ರತೆಯ ಆ ಅಂತರ ಹೇಳುತ್ತಿದ್ದುದು ಇದನ್ನೇ.

ಟಾಂಟಲಸ್‌ನ ಮಕ್ಕಳು

1844ರಲ್ಲಿ ಜರ್ಮನಿಯ ಹೈನ್ರಿಖ್ ರೋಸ್ ಬವೇರಿಯದ ಬೋಡೆನ್‌ಮೈಸ್ ಎಂಬಲ್ಲಿನ ಖನಿಜವನ್ನು ಕೈಗೆತ್ತಿಕೊಂಡ. ಅದರಿಂದ ಬಂದ ಆಕ್ಸೈಡನ್ನು ಇದ್ದಿಲಿನೊಂದಿಗೆ ಬೆರೆಸಿ, ಕಾಯಿಸಿ, ಮೇಲೆ ಕ್ಲೋರಿನ್ ಅನಿಲ ಹಾಯಿಸಿದ. ಎರಡು ಬಗೆಯ ಕ್ಲೋರೈಡುಗಳು ಬಂದವು. ಒಂದು ಹಳದಿ, ಒಂದು ಬಿಳಿ. ಎರಡು ಬಣ್ಣ ಎಂದರೆ ಎರಡು ಹೊಸ ಧಾತು ಎಂದು ರೋಸ್ ಎಣಿಸಿದ. ಟಾಂಟಲಂನ ಜೊತೆಯಲ್ಲೇ ಹುಟ್ಟಿದ ಇವುಗಳಿಗೆ ಟಾಂಟಲಸ್‌ನ ಮಕ್ಕಳ ಹೆಸರೇ ಸರಿ ಎನಿಸಿತು. ಮಗಳು ನಯೋಬಿಯಿಂದ ನಿಯೋಬಿಯಂ, ಮಗ ಪೆಲೋಪ್ಸ್‌ನಿಂದ ಪೆಲೋಪಿಯಂ. ನಯೋಬಿ ತನ್ನ ಮಕ್ಕಳೆಲ್ಲರನ್ನೂ ಕಳೆದುಕೊಂಡು, ಅತ್ತು ಅತ್ತು ಕಲ್ಲಾದವಳು ಎಂಬುದು ಪುರಾಣ.

ಸ್ವಲ್ಪ ಕಾಲದಲ್ಲೇ ಇತರರೂ ಇಂಥ ಖನಿಜಗಳಲ್ಲಿ ಹೊಸ ಧಾತುಗಳನ್ನು ಕಂಡೆವೆಂದರು. ಒಬ್ಬರು ಇಲ್ಮೇನಿಯಂ ಎಂದರೆ, ಇನ್ನೊಬ್ಬರು ಡಯಾನಿಯಂ ಎಂದರು. ಒಂದು ಬಿಳಿ ಪುಡಿಗೆ ಇಷ್ಟೊಂದು ಹೆಸರು! ನಿಜವಾಗಿ ಎಷ್ಟು ಧಾತುಗಳಿವೆ ಎಂಬುದನ್ನು ತಿಳಿಯುವುದು ಹೇಗೆ?

ನೀವೇ ಒಂದು ಲೆಕ್ಕ ಮಾಡಿ. ನಿಯೋಬಿಯಂ ಆಕ್ಸೈಡ್ Nb₂O₅. ಅದರಲ್ಲಿ ಲೋಹದ ತೂಕ 92.9ರ ಎರಡರಷ್ಟು, ಅಂದರೆ 185.8, ಆಕ್ಸಿಜನ್ 16ರ ಐದರಷ್ಟು, ಅಂದರೆ 80. ಒಟ್ಟು 265.8. ಆದ್ದರಿಂದ 100 ಗ್ರಾಂ ಆಕ್ಸೈಡಿನಲ್ಲಿ ಸುಮಾರು 70 ಗ್ರಾಂ ಲೋಹ. ಇದೇ ರೀತಿ Ta₂O₅ ಲೆಕ್ಕ ಹಾಕಿದರೆ 100 ಗ್ರಾಂಗೆ ಸುಮಾರು 82 ಗ್ರಾಂ ಲೋಹ ಬರುತ್ತದೆ. ಎರಡನ್ನೂ ಸಮತೂಕದಲ್ಲಿ ಬೆರೆಸಿದರೆ 76. ಬೆರಕೆಯ ಪ್ರಮಾಣ ಬದಲಾದಂತೆ 70ರಿಂದ 82ರವರೆಗೆ ಯಾವ ಅಂಕಿ ಬೇಕಾದರೂ ಬರಬಹುದು. ಬೆರಕೆಯೆಂದು ಗೊತ್ತಿಲ್ಲದ ರಸಾಯನಜ್ಞನಿಗೆ ಪ್ರತಿ ಗಣಿಯ ಕಲ್ಲಿನಲ್ಲೂ ಒಂದು ಹೊಸ ಧಾತು ಕಾಣುವುದರಲ್ಲಿ ಆಶ್ಚರ್ಯವೇನು? ಶುದ್ಧ ಪದಾರ್ಥದ ಗುರುತು ಇದು: ಎಲ್ಲಿಂದ ತಂದರೂ, ಎಷ್ಟು ಸಲ ಕರಗಿಸಿ ಮತ್ತೆ ಹರಳುಗಟ್ಟಿಸಿದರೂ ಅದರ ಅಂಕಿ ಬದಲಾಗುವುದಿಲ್ಲ. ಬೆರಕೆಯಾದರೆ ಪ್ರತಿ ಸಲವೂ ಅಂಕಿ ಜರುಗುತ್ತದೆ.

ಈ ಪರೀಕ್ಷೆಯನ್ನು ಕೊನೆ ಮುಟ್ಟಿಸಿದವನು ಜಿನೀವಾದ ಮಾರಿನ್ಯಾಕ್. 1866ರ ಹೊತ್ತಿಗೆ ಅವನು ಹಿಡಿದ ದಾರಿ ಹೀಗಿತ್ತು. ಬೆರಕೆಯ ಆಕ್ಸೈಡನ್ನು ಹೈಡ್ರೊಫ್ಲೂರಿಕ್ ಆಮ್ಲದಲ್ಲಿ ಕರಗಿಸುವುದು. ಟಾಂಟಲಸ್ ಕೊನೆಗೂ ಕುಡಿದ ಆಮ್ಲ ಇದು! ಗಾಜನ್ನೇ ತಿನ್ನುವ ಆಮ್ಲವಾದ್ದರಿಂದ ಗಾಜಿನ ಪಾತ್ರೆ ಕೆಲಸಕ್ಕೆ ಬಾರದು, ಪ್ಲಾಟಿನಂ ಪಾತ್ರೆ ಬೇಕು. ಆ ದ್ರಾವಣಕ್ಕೆ ಪೊಟ್ಯಾಸಿಯಂ ಫ್ಲೂರೈಡ್ ಸೇರಿಸಿದರೆ ಎರಡು ಲೋಹಗಳೂ ಬೇರೆ ಬೇರೆ ಲವಣಗಳಾಗುತ್ತವೆ. ಟಾಂಟಲಂನದು K₂TaF₇, ಅದರ ಒಂದು ಭಾಗ ಕರಗಲು 150ಕ್ಕೂ ಹೆಚ್ಚು ಭಾಗ ತಣ್ಣೀರು ಬೇಕು. ನಿಯೋಬಿಯಂನದು K₂NbOF₅, ಅದಕ್ಕೆ ಸುಮಾರು 12 ಭಾಗ ನೀರು ಸಾಕು. ಆದ್ದರಿಂದ ದ್ರಾವಣವನ್ನು ಹದವಾಗಿ ಆವಿಗೊಳಿಸಿ ಆರಲು ಬಿಟ್ಟರೆ ಟಾಂಟಲಂ ಮೊದಲು ಸೂಜಿಯಂಥ ಹರಳುಗಳಾಗಿ ಕೂರುತ್ತದೆ, ನಿಯೋಬಿಯಂ ನೀರಿನಲ್ಲೇ ಉಳಿಯುತ್ತದೆ. ಆಮ್ಲದ ಪ್ರಮಾಣ ಮಾತ್ರ ತಪ್ಪಬಾರದು. ಕಡಿಮೆಯಾದರೆ ಟಾಂಟಲಂ ಲವಣ ಒಡೆದು ಬಿಳಿ ಕೆಸರಾಗುತ್ತದೆ. ತೀರಾ ಹೆಚ್ಚಾದರೆ ನಿಯೋಬಿಯಂ ಕೂಡ ಟಾಂಟಲಂನಂತೆಯೇ K₂NbF₇ ಆಗಿ, ಬೇರ್ಪಡಿಸುವ ಉಪಾಯವೇ ಕೈಕೊಡುತ್ತದೆ.

ಹೀಗೆ ಬೇರ್ಪಡಿಸಿ ನೋಡಿದಾಗ ಸಿಕ್ಕಿದ್ದು ಎರಡೇ ಧಾತು. ಸ್ವೀಡನ್ನಿನ ಬ್ಲೂಮ್‌ಸ್ಟ್ರಾಂಡ್, ಫ್ರಾನ್ಸಿನ ಡೆವಿಲ್ ಮತ್ತು ಟ್ರೂಸ್ಟ್ ಅವರ ಕೆಲಸವೂ ಇದೇ ಕಡೆಗೆ ಬೆರಳು ಮಾಡಿತು. ರೋಸ್ ಕಂಡ ಹಳದಿ ಮತ್ತು ಬಿಳಿ ಕ್ಲೋರೈಡುಗಳ ಗುಟ್ಟೂ ಹೊರಬಿತ್ತು. ಬಿಳಿಯದರಲ್ಲಿ ಆಕ್ಸಿಜನ್ ಅಡಗಿ ಕುಳಿತಿತ್ತು, ಅದು NbOCl₃. ಹಳದಿಯದರಲ್ಲಿ ಆಕ್ಸಿಜನ್ ಇರಲಿಲ್ಲ. ಅದು ಮುಖ್ಯವಾಗಿ NbCl₅. ಧಾತು ಒಂದೇ, ವೇಷ ಎರಡು. ಪೆಲೋಪಿಯಂ, ಇಲ್ಮೇನಿಯಂ, ಡಯಾನಿಯಂ ಮೂರೂ ಮಾಯವಾದವು. ರೋಸ್‌ನ ನಿಯೋಬಿಯಂ ಬೇರೆ ಯಾವುದೂ ಅಲ್ಲ, 1801ರಲ್ಲಿ ಹ್ಯಾಚೆಟ್ ಕಂಡ ಕೊಲಂಬಿಯಂ ಎಂಬುದೂ ಸ್ಪಷ್ಟವಾಯಿತು.

ಹಾಗಾದರೆ ಮೊದಲು ಕಂಡವನ ಹೆಸರೇ ಉಳಿಯಬೇಕಿತ್ತಲ್ಲವೇ? ಅಮೆರಿಕದವರು ಹಾಗೆಯೇ ವಾದಿಸಿ ಕೊಲಂಬಿಯಂ ಎಂದೇ ಬರೆದರು. ಯೂರೋಪಿನವರು, ಧಾತುವನ್ನು ಟಾಂಟಲಂನಿಂದ ಬೇರೆಯೆಂದು ಎತ್ತಿ ತೋರಿಸಿದವನು ರೋಸ್ ಎಂದು ನಿಯೋಬಿಯಂ ಎಂದರು. ಜಗಳ ಮುಗಿದದ್ದು 1949ರಲ್ಲಿ, ಆಮ್‌ಸ್ಟರ್‌ಡ್ಯಾಂನಲ್ಲಿ ನಡೆದ ಅಂತರರಾಷ್ಟ್ರೀಯ ರಸಾಯನಜ್ಞರ ಸಮ್ಮೇಳನದಲ್ಲಿ. ಅಲ್ಲಿ ಒಂದು ಕೊಡು–ಕೊಳ್ಳುವ ಒಪ್ಪಂದವಾಯಿತು. 41ನೆಯ ಧಾತುವಿಗೆ ಯೂರೋಪಿನ ನಿಯೋಬಿಯಂ. 74ನೆಯ ಧಾತುವಿಗೆ ಜರ್ಮನರ ವೊಲ್ಫ್ರಂ ಬದಲು ಅಮೆರಿಕದವರು ಬಳಸುತ್ತಿದ್ದ ಟಂಗ್‌ಸ್ಟನ್. ಆದರೂ ಟಂಗ್‌ಸ್ಟನ್ನಿನ ಸಂಕೇತ W ಎಂದೇ ಉಳಿಯಿತು. ಅಮೆರಿಕದ ಉಕ್ಕಿನ ಕಾರ್ಖಾನೆಗಳಲ್ಲಿ ಕೊಲಂಬಿಯಂ ಎಂಬ ಮಾತು ಅನಂತರವೂ ದಶಕಗಳ ಕಾಲ ಕೇಳಿಬರುತ್ತಿತ್ತು. ಖನಿಜದ ಹೆಸರಂತೂ ಇಂದಿಗೂ ಕೊಲಂಬೈಟ್! ಹ್ಯಾಚೆಟ್ ಧಾತುವಿನಿಂದ ಸರಿದು ಕಲ್ಲಿನಲ್ಲಿ ಉಳಿದ.

ಆಸ್ಪತ್ರೆಯ ಎಂಆರ್‌ಐ ಯಂತ್ರದ ಕಾಂತ ಸುರುಳಿಯಲ್ಲಿರುವುದು ನಿಯೋಬಿಯಂ–ಟೈಟಾನಿಯಂ ತಂತಿ. ನಮ್ಮ ಕ್ಯಾಮೆರಾಗಳ ಸರ್ಕ್ಯೂಟಿನಲ್ಲಿರುವ ಪುಟ್ಟ ಕೆಪಾಸಿಟರುಗಳಲ್ಲಿ ಟಾಂಟಲಂ. ಅಪ್ಪ, ಮಗಳು ಇಬ್ಬರೂ ದುಡಿಯುತ್ತಲೇ ಇದ್ದಾರೆ.

ಪಾದರಸದ ಕಂಬ

ಈಗ ಎರಡನೆಯ ಕಥೆ. ಧಾತು ನೆಲದಲ್ಲಿ ಸಿಗುತ್ತದೆ, ಏಕಮಾನ ಹಾಗೆ ಸಿಗುವುದಿಲ್ಲ. ಅದನ್ನು ಜನ ಕೂತು ಒಪ್ಪಬೇಕು.

1850ರ ದಶಕದಲ್ಲಿ ತಂತಿ ಸಂಪರ್ಕ ಎಲ್ಲೆಡೆ ಹಬ್ಬುತ್ತಿತ್ತು. ನೆಲದಡಿಯೋ ಸಮುದ್ರದಡಿಯೋ ಹೂತ ತಂತಿ ಎಲ್ಲೋ ಕೆಟ್ಟು ನೆಲಕ್ಕೆ ತಾಗಿದರೆ ಎಲ್ಲಿ ಅಗೆಯಬೇಕು? ಉಪಾಯವಿತ್ತು. ಒಂದು ಮೈಲಿ ತಂತಿಯ ರೋಧ 10 ಎಂದುಕೊಳ್ಳಿ. ಕೆಟ್ಟ ಮೇಲೆ ಈ ತುದಿಯಿಂದ ಅಳೆದಾಗ 230 ಬಂದರೆ ದೋಷ ಸುಮಾರು 23 ಮೈಲಿ ದೂರದಲ್ಲಿದೆ. ದೋಷದ ಜಾಗದಲ್ಲೂ ಒಂದಿಷ್ಟು ರೋಧವಿದ್ದರೆ ಲೆಕ್ಕ ತಪ್ಪುತ್ತದೆ. ಅದಕ್ಕೆ ಎರಡೂ ತುದಿಗಳಿಂದ ಅಳೆದು ತಾಳೆ ನೋಡುತ್ತಿದ್ದರು. ಆದರೆ 10 ಎಂದರೆ ಹತ್ತು ಏನು? ಈ ತುದಿಯವನ ಏಕಮಾನ ಆ ತುದಿಯವನದಕ್ಕಿಂತ ಬೇರೆಯಾಗಿದ್ದರೆ ತಾಳೆ ಎಲ್ಲಿಂದ ಬರಬೇಕು?

1860ರಲ್ಲಿ ಜರ್ಮನಿಯ ವರ್ನರ್ ಸೀಮೆನ್ಸ್ ಒಂದು ಏಕಮಾನ ಸೂಚಿಸಿದ. ಒಂದು ಮೀಟರ್ ಉದ್ದ, ಒಂದು ಚದರ ಮಿಲಿಮೀಟರ್ ಅಡ್ಡಕೊಯ್ತವಿರುವ ಪಾದರಸದ ಕಂಬ, ಶೂನ್ಯ ಡಿಗ್ರಿ ಸೆಲ್ಸಿಯಸ್‌ನಲ್ಲಿ ತೋರುವ ರೋಧವೇ ಒಂದು. ಪಾದರಸವೇ ಏಕೆ? ತಾಮ್ರದ ತಂತಿಯನ್ನು ಎಳೆದರೆ, ಬಾಗಿಸಿದರೆ ಅದರ ರೋಧ ಬದಲಾಗುತ್ತದೆ. ಒಂದಿಷ್ಟು ಕಲಬೆರಕೆ ಇದ್ದರೂ ಬದಲಾಗುತ್ತದೆ. ಪಾದರಸ ದ್ರವ, ಬಾಗಿದ ನೆನಪು ಅದಕ್ಕಿಲ್ಲ, ಶುದ್ಧಿ ಮಾಡುವುದೂ ಸುಲಭ. ಈ ಏಕಮಾನ ಸೀಮೆನ್ಸ್ ಏಕಮಾನವೆಂದೇ ಜರ್ಮನಿಯ ಕಡೆ ಚಾಲ್ತಿಗೆ ಬಂತು.

ಮರುವರ್ಷ ಇಂಗ್ಲೆಂಡಿನಲ್ಲಿ ಬ್ರಿಟಿಷ್ ಅಸೋಸಿಯೇಷನ್ ಇದಕ್ಕಾಗಿ ಒಂದು ಸಮಿತಿಯನ್ನೇ ರಚಿಸಿತು. ಅದರ ಹಿಂದಿದ್ದವನು ವಿಲಿಯಂ ಥಾಮ್ಸನ್, ಮುಂದೆ ಲಾರ್ಡ್ ಕೆಲ್ವಿನ್ ಆದವನು. ಸಮಿತಿಯ ವಾದ ಬೇರೆಯಿತ್ತು. ರೋಧದ ಏಕಮಾನ ಯಾವುದೋ ಒಂದು ಪದಾರ್ಥಕ್ಕೆ ಕಟ್ಟುಬೀಳಬಾರದು. ಉದ್ದ, ತೂಕ, ಕಾಲಗಳ ಮೂಲ ಅಳತೆಗಳಿಂದಲೇ ಹುಟ್ಟಬೇಕು. ಆಗ ವಿದ್ಯುತ್ತು ಮಾಡುವ ಕೆಲಸ, ಹುಟ್ಟಿಸುವ ಶಾಖ ಎಲ್ಲವೂ ಒಂದೇ ಲೆಕ್ಕದಲ್ಲಿ ಕೂಡುತ್ತವೆ. ಇವರ ಏಕಮಾನಕ್ಕೆ ಗೇಯಾರ್ಗ್ ಸೈಮನ್ ಓಮ್‌ನ ಹೆಸರು ನಿಂತಿತು. ಓಮ್ ಬೀಗ ಮಾಡುವವನ ಮಗ, ಶಾಲಾ ಮಾಸ್ತರ. 1827ರಲ್ಲಿ ಅವನು ನಿಯಮವನ್ನು ಪ್ರಕಟಿಸಿದಾಗ ಸ್ವದೇಶದಲ್ಲಿ ಆದರ ಸಿಗಲಿಲ್ಲ. 1854ರಲ್ಲೇ ತೀರಿಕೊಂಡಿದ್ದರಿಂದ ಈ ಗೌರವವನ್ನು ಅವನು ನೋಡಲಿಲ್ಲ.

1881ರಲ್ಲಿ ಪ್ಯಾರಿಸ್‌ನಲ್ಲಿ ಅಂತರರಾಷ್ಟ್ರೀಯ ವಿದ್ಯುತ್ ಸಮ್ಮೇಳನ ಸೇರಿತು. ಓಮ್, ವೋಲ್ಟ್, ಆಂಪೇರ್, ಕೂಲಂಬ್, ಫ್ಯಾರಡ್ ಎಂಬ ಐದು ಹೆಸರುಗಳು ಅಲ್ಲಿ ಅಂಗೀಕಾರವಾದವು. ಇಲ್ಲೂ ಕೊಡು–ಕೊಳ್ಳುವುದು ನಡೆಯಿತು. ಏಕಮಾನದ ಹೆಸರು ಮತ್ತು ತತ್ತ್ವ ಬ್ರಿಟಿಷರದು. ಆದರೆ ಅದನ್ನು ಕೈಗೆ ಸಿಗುವಂತೆ ತೋರಿಸಲು ಬಳಸುವುದು ಸೀಮೆನ್ಸನ ಪಾದರಸದ ಕಂಬ! ಎಷ್ಟು ಉದ್ದದ ಕಂಬ ಒಂದು ಓಮ್‌ಗೆ ಸಮ ಎಂಬುದಷ್ಟೇ ಅಳೆಯಬೇಕಿತ್ತು. 1884ರಲ್ಲಿ 106 ಸೆಂಟಿಮೀಟರ್ ಎಂದರು. 1893ರಲ್ಲಿ ಷಿಕಾಗೋದಲ್ಲಿ ಅದನ್ನು 106.3 ಎಂದು ತಿದ್ದಿದರು, ಜೊತೆಗೆ ಪಾದರಸದ ತೂಕ 14.4521 ಗ್ರಾಂ ಎಂದೂ ಸೇರಿಸಿದರು. ಅಡ್ಡಕೊಯ್ತದ ಬದಲು ತೂಕ ಏಕೆ? ಗಾಜಿನ ಕೊಳವೆಯ ಒಳಬಾಯಿಯನ್ನು ಅಷ್ಟು ನಿಖರವಾಗಿ ಅಳೆಯಲಾಗದು, ಅದರೊಳಗೆ ತುಂಬಿದ ಪಾದರಸವನ್ನು ತಕ್ಕಡಿಯಲ್ಲಿ ತೂಗಬಹುದು.

100 ಸೆಂಟಿಮೀಟರನ್ನು 106.3ರಿಂದ ಭಾಗಿಸಿ. ಹಳೆಯ ಸೀಮೆನ್ಸ್ ಏಕಮಾನ ಎಂದರೆ ಸುಮಾರು 0.94 ಓಮ್ ಎಂದು ಸಿಗುತ್ತದೆ. ಅಲ್ಲಿಗೆ ಸೀಮೆನ್ಸನ ಕಂಬ ಉಳಿದು, ಅವನ ಹೆಸರು ಹೋಯಿತು.

ಆದರೆ ಕಥೆ ಅಲ್ಲಿಗೆ ನಿಲ್ಲಲಿಲ್ಲ. ರೋಧಕ್ಕೆ ತಿರುಗುಮುರುಗಾದ ವಾಹಕತೆಗೂ ಒಂದು ಏಕಮಾನ ಬೇಕಾಯಿತು. ಥಾಮ್ಸನ್ ತಮಾಷೆಯಾಗಿ ಓಮ್‌ನ ಅಕ್ಷರಗಳನ್ನು, ಅಂದರೆ ohm ಎಂಬುದನ್ನು ಹಿಂದುಮುಂದಾಗಿಸಿ mho ಎಂದ. ಸಂಕೇತವೂ ತಲೆಕೆಳಗಾದ Ω. ಈ ತಮಾಷೆ ಪಠ್ಯಪುಸ್ತಕಗಳಲ್ಲಿ ಹಲವು ತಲೆಮಾರು ನಡೆಯಿತು. ನನ್ನ ಪದವಿ ತರಗತಿಯ ಪ್ರಯೋಗ ಪುಸ್ತಕದಲ್ಲೂ ಇತ್ತು. 1971ರಲ್ಲಿ ತೂಕ ಮತ್ತು ಅಳತೆಗಳ 14ನೆಯ ಮಹಾ ಸಮ್ಮೇಳನ ವಾಹಕತೆಯ ಏಕಮಾನಕ್ಕೆ ಸೀಮೆನ್ಸ್ ಎಂಬ ಹೆಸರನ್ನು ಒಪ್ಪಿತು. ರೋಧದ ಬಾಗಿಲಿನಿಂದ ಹೊರಹೋದ ಹೆಸರು ತೊಂಬತ್ತು ವರ್ಷಗಳ ಮೇಲೆ ಅದರ ಎದುರು ಬಾಗಿಲಿನಿಂದ ಒಳಬಂತು.

ಇಲ್ಲಿ ಎಡವುವವರಿದ್ದಾರೆ. ಇಂದು 4 ಓಮ್ ರೋಧ ಎಂದರೆ 0.25 ಸೀಮೆನ್ಸ್ ವಾಹಕತೆ. ಆದರೆ 1870ರ ಸುಮಾರಿನ ಜರ್ಮನ್ ತಂತಿ ಕಡತದಲ್ಲಿ 10 ಸೀಮೆನ್ಸ್ ಏಕಮಾನ ಎಂದಿದ್ದರೆ ಅದು ರೋಧ, ಸುಮಾರು 9.4 ಓಮ್. ಇಂದಿನ 10 ಸೀಮೆನ್ಸ್ ಎಂದು ಓದಿದರೆ ರೋಧ 0.1 ಓಮ್ ಆಗಿಬಿಡುತ್ತದೆ, ತೊಂಬತ್ತನಾಲ್ಕು ಪಟ್ಟು ತಪ್ಪು. ಬರೆಯುವಾಗಲೂ ಎಚ್ಚರ ಬೇಕು: ಸೀಮೆನ್ಸ್‌ನ ಸಂಕೇತ ದೊಡ್ಡಕ್ಷರದ S, ಸೆಕೆಂಡಿನದು ಸಣ್ಣಕ್ಷರದ s. ವ್ಯಕ್ತಿಯ ಹೆಸರಿನಿಂದ ಬಂದ ಏಕಮಾನಗಳ ಸಂಕೇತ ದೊಡ್ಡಕ್ಷರದಿಂದ ಶುರುವಾಗುತ್ತದೆ ಎಂಬ ನಿಯಮವನ್ನು ನೆನಪಿಟ್ಟರೆ ಗೊಂದಲವಿಲ್ಲ.

ಎರಡು ಕಥೆಗಳನ್ನೂ ಪಕ್ಕಪಕ್ಕ ಇಟ್ಟು ನೋಡಿ. ಹ್ಯಾಚೆಟ್ ಮೊದಲು ಕಂಡ, ಆದರೆ ಬೇರ್ಪಡಿಸಲು ಆಗಲಿಲ್ಲ. ಅವನ ಹೆಸರು ಹೋಯಿತು. ರೋಸ್ ಇಲ್ಲದ ಪೆಲೋಪಿಯಂ ಅನ್ನೂ ಕಂಡ. ಆದರೂ ಅವನಿಟ್ಟ ಇನ್ನೊಂದು ಹೆಸರು ಉಳಿಯಿತು. ಲೆಕ್ಕವನ್ನು ಚೊಕ್ಕಮಾಡಿದ ಮಾರಿನ್ಯಾಕ್‌ನ ಹೆಸರಿನ ಧಾತು ಕೋಷ್ಟಕದಲ್ಲಿ ಇಲ್ಲವೇ ಇಲ್ಲ. ಎಷ್ಟು ಧಾತುಗಳಿವೆ ಎಂಬುದನ್ನು ತೀರ್ಮಾನಿಸಿದ್ದು ತಕ್ಕಡಿ ಮತ್ತು ಹರಳು. ಅವುಗಳನ್ನು ಏನೆಂದು ಕರೆಯಬೇಕೆಂಬುದನ್ನು ತೀರ್ಮಾನಿಸಿದ್ದು ಮೇಜಿನ ಸುತ್ತ ಕೂತ ಜನ. ಮುಂದಿನ ಸಲ 41ನೆಯ ಮನೆಯ ಮುಂದೆ ಹಾಯುವಾಗ, ಬಾಗಿಲ ಮೇಲಿನ ಫಲಕದ ಹಿಂದೆ ಅಳಿಸಿದ ಹಳೆಯ ಅಕ್ಷರಗಳಿರುವುದು ನಿಮಗೆ ನೆನಪಾಗಲಿ.